ಹೊಸ ಗ್ರಾಫಿಕ್ಸ್ ಕಾರ್ಡಿಗೆ ಹಳೆಯ ಎಸ್‌ಎಂಪಿಎಸ್ ಸಾಕೇ?

ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಹೊರಟವರು ಸಾಮಾನ್ಯವಾಗಿ ಎಸ್‌ಎಂಪಿಎಸ್ ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ನೋಡಿ ಸಮಾಧಾನಪಡುತ್ತಾರೆ. ‘500 ವ್ಯಾಟ್’ ಎಂದಿದ್ದರೆ ಸಾಕು ಅನಿಸುತ್ತದೆ. ಆದರೆ ಕಾರ್ಡೂ ಪ್ರೊಸೆಸರೂ ಬಹುಪಾಲು 12 ವೋಲ್ಟ್ ತಂತಿಗಳಿಂದಲೇ ವಿದ್ಯುತ್ ಎಳೆಯುತ್ತವೆ. ಹಾಗಾಗಿ ಮೊದಲು ನೋಡಬೇಕಾದದ್ದು ಎಸ್‌ಎಂಪಿಎಸ್‌ನ ಪಕ್ಕಕ್ಕೆ ಅಂಟಿಸಿದ ಕೋಷ್ಟಕದಲ್ಲಿ +12V ಸಾಲಿನ ಕೆಳಗಿರುವ ಆಂಪಿಯರ್. ಅದನ್ನು 12ರಿಂದ ಗುಣಿಸಿದರೆ ನಿಜವಾದ ಶಕ್ತಿ ತಿಳಿಯುತ್ತದೆ. 12 ವೋಲ್ಟ್‌ಗೆ ಎರಡು ಸಾಲುಗಳಿದ್ದರೆ ಅವನ್ನು ಸುಮ್ಮನೆ ಕೂಡಬಾರದು. ಎರಡಕ್ಕೂ ಸೇರಿಸಿ ಕೊಟ್ಟಿರುವ ಒಟ್ಟು ವ್ಯಾಟನ್ನೇ ಹಿಡಿಯಬೇಕು.

ಒಂದು ಉದಾಹರಣೆ ನೋಡೋಣ. ರೈಜೆನ್ 5 5600 ಪ್ರೊಸೆಸರ್ ಇರುವ ಕಂಪ್ಯೂಟರಿಗೆ ಆರ್‌ಟಿಎಕ್ಸ್ 3070 ಹಾಕಬೇಕಿದೆ. ಕಾರ್ಡ್ 220 ವ್ಯಾಟ್, ಪ್ರೊಸೆಸರ್ ಹೆಚ್ಚೆಂದರೆ 76 ವ್ಯಾಟ್, ಮದರ್‌ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ ಸುಮಾರು 60 ವ್ಯಾಟ್ ಎಂದುಕೊಂಡರೆ ಒಟ್ಟು 356 ವ್ಯಾಟ್, ಅಂದರೆ ಹತ್ತಿರ ಹತ್ತಿರ 30 ಆಂಪಿಯರ್. ಅಗ್ಗದ ‘500 ವ್ಯಾಟ್’ ಎಸ್‌ಎಂಪಿಎಸ್‌ನ 12 ವೋಲ್ಟ್ ಒಟ್ಟು 360 ವ್ಯಾಟ್ ಇದ್ದರೆ ಲೆಕ್ಕವೇನೋ ಸರಿಹೋಯಿತು, ಆದರೆ ಕೈಯಲ್ಲಿ ಏನೂ ಉಳಿಯಲಿಲ್ಲ.

ಏನಾದರೂ ಉಳಿಯಲೇಬೇಕು. ಆಟದಲ್ಲಿ ದೃಶ್ಯ ಬದಲಾದಾಗ ಕಾರ್ಡ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ತನ್ನ ಮಿತಿಯನ್ನು ಮೀರಿ, ಕೆಲವೊಮ್ಮೆ ಒಂದೂವರೆ ಪಟ್ಟು, ವಿದ್ಯುತ್ ಎಳೆಯುತ್ತದೆ. ಆ ಕ್ಷಣಕ್ಕೆ ಎಸ್‌ಎಂಪಿಎಸ್ ತಡೆಯದಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಇಲ್ಲವೇ ಅದರ ರಕ್ಷಣಾ ಮಂಡಲ ಕಂಪ್ಯೂಟರನ್ನೇ ಆರಿಸಿಬಿಡುತ್ತದೆ. ಈ ಕಾರ್ಡಿಗೆ ಎನ್‌ವಿಡಿಯಾ 650 ವ್ಯಾಟ್ ಸೂಚಿಸಿರುವುದಕ್ಕೆ ಇದೂ ಒಂದು ಕಾರಣ.

ಲೇಬಲ್ ಸರಿಯಿದ್ದರೂ ಹಳೆಯ ಎಸ್‌ಎಂಪಿಎಸ್ ದಣಿದಿರಬಹುದು. ಅದಕ್ಕೆ ಅಳತೆಯೇ ಬೇಕು. HWiNFO ತಂತ್ರಾಂಶದಲ್ಲಿ ಅನೇಕ ಕಾರ್ಡ್‌ಗಳು ತಮಗೆ ತಲುಪುತ್ತಿರುವ 12 ವೋಲ್ಟನ್ನು ತಾವೇ ತೋರಿಸುತ್ತವೆ. ಸುಮ್ಮನಿದ್ದಾಗಿನ ಅಂಕಿ ಬರೆದಿಟ್ಟುಕೊಂಡು, ಭಾರವಾದ ಆಟವೊಂದನ್ನು ಅರ್ಧ ಗಂಟೆ ಆಡಿ, ಕನಿಷ್ಠ ಅಂಕಿ ನೋಡಿ. ಒಂದೇ ಸಮನೆ ಹೊರೆ ಹಾಕುವ ಪರೀಕ್ಷೆಗಳಿಗಿಂತ ಆಟವೇ ಒಳ್ಳೆಯದು, ಏಕೆಂದರೆ ಏರಿಳಿತ ಇರುವುದು ಅಲ್ಲೇ. ಎಟಿಎಕ್ಸ್ ನಿಯಮದ ಪ್ರಕಾರ 11.4ರಿಂದ 12.6 ವೋಲ್ಟ್‌ವರೆಗೆ ಸರಿ. 12.1 ಇದ್ದದ್ದು 11.9ಕ್ಕೆ ಇಳಿದರೆ ಚಿಂತೆಯಿಲ್ಲ. 11.5ಕ್ಕೆ ಬಂದರೆ ನಿಯಮದೊಳಗೇ ಇದ್ದರೂ ಎಚ್ಚರ ವಹಿಸಬೇಕು.

ತಪ್ಪು ಎಸ್‌ಎಂಪಿಎಸ್‌ನದೋ ಕೇಬಲ್‌ನದೋ ಎಂದು ತಿಳಿಯಲು, ಆಟ ನಡೆಯುತ್ತಿರುವಾಗಲೇ ಬಳಸದೆ ಬಿಟ್ಟಿರುವ ಮೋಲೆಕ್ಸ್ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರಿನಿಂದ ಅಳೆಯಿರಿ. ಕಡ್ಡಿಗಳ ತುದಿ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಎಂದೂ ಬಿಚ್ಚಬೇಡಿ. ಇಲ್ಲಿ 11.95, ಕಾರ್ಡಿನಲ್ಲಿ 11.5 ಎಂದಾದರೆ ವೋಲ್ಟೇಜ್ ಹೋಗುತ್ತಿರುವುದು ಕೇಬಲ್‌ನಲ್ಲಿ. ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಕಾರ್ಡಿಗೆ ಸಿಕ್ಕಿಸಿದ್ದರೆ, ಎರಡು ಪ್ರತ್ಯೇಕ ಕೇಬಲ್ ಹಾಕಿ ಮತ್ತೆ ಅಳೆಯಿರಿ. ಎರಡೂ ಕಡೆ ಸಮನಾಗಿ ಇಳಿದಿದ್ದರೆ ಎಸ್‌ಎಂಪಿಎಸ್ ಬದಲಿಸಬೇಕು. ಕ್ಷಣಾರ್ಧದ ಕುಸಿತ ಮಾತ್ರ ಈ ಎರಡೂ ಅಳತೆಗೆ ಸಿಗುವುದಿಲ್ಲ. ಆಟದ ಮಧ್ಯೆ ಕಂಪ್ಯೂಟರ್ ತಟ್ಟನೆ ಆರಿ ಮತ್ತೆ ಶುರುವಾಗುವುದೇ ಅದರ ಗುರುತು.

ಆರದೆ, ಬರೀ ನಿಧಾನವಾದರೆ? ಎಸ್‌ಎಂಪಿಎಸ್ ಮೇಲೆ ದೂರು ಹೊರಿಸುವ ಮೊದಲು ಕಾರ್ಡನ್ನೇ ಕೇಳಬಹುದು. ಆಟ ನಡೆಯುತ್ತಿರುವಾಗ ಈ ಆದೇಶ ಕೊಡಿ:

```
nvidia-smi -q -d PERFORMANCE -l 1
```

SW Power Cap ಎದುರು Active ಎಂದಿದ್ದರೆ ಕಾರ್ಡ್ ತನಗೆ ನಿಗದಿಯಾದ ವ್ಯಾಟ್ ಮಿತಿಯನ್ನು ಮುಟ್ಟಿದೆ ಎಂದಷ್ಟೇ ಅರ್ಥ, ಅದು ಸಹಜ. HW Thermal Slowdown ಎಂದಿದ್ದರೆ ಕಾರಣ ಬಿಸಿ, ಫ್ಯಾನ್ ಮತ್ತು ದೂಳನ್ನು ನೋಡಬೇಕು. HW Power Brake Slowdown ಕಾಣಿಸಿದರೆ ಮಾತ್ರ ವಿದ್ಯುತ್ ಪೂರೈಕೆಯ ಕಡೆಗೆ, ಅಂದರೆ ಕೇಬಲ್ ಮತ್ತು ಎಸ್‌ಎಂಪಿಎಸ್ ಕಡೆಗೆ ತಿರುಗಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ಕೊಂಡಿ ಇದೆ: ಯುಪಿಎಸ್. ಅನೇಕ ಕಡೆ ಇರುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ನಮ್ಮ 356 ವ್ಯಾಟ್ ಕಂಪ್ಯೂಟರ್ ಎಸ್‌ಎಂಪಿಎಸ್‌ನಲ್ಲಿ ಸೋರುವ ಶಾಖವೂ ಸೇರಿ ಗೋಡೆಯಿಂದ 400 ವ್ಯಾಟ್ ದಾಟಬಹುದು. ಕರೆಂಟ್ ಹೋದಾಗಷ್ಟೇ ಕಂಪ್ಯೂಟರ್ ಆರಿದರೆ ಎಸ್‌ಎಂಪಿಎಸ್‌ಗಿಂತ ಮೊದಲು ಯುಪಿಎಸ್‌ನ ಸಾಮರ್ಥ್ಯ ನೋಡಿ.

ಹೊಸ ಎಸ್‌ಎಂಪಿಎಸ್ ಕೊಳ್ಳುವವರೆಗೆ ಅಡ್ಮಿನಿಸ್ಟ್ರೇಟರ್ ಅನುಮತಿಯಲ್ಲಿ `nvidia-smi -pl 180` ಎಂದು ಕೊಟ್ಟು ಕಾರ್ಡಿನ ಮಿತಿಯನ್ನು 180 ವ್ಯಾಟ್‌ಗೆ ಇಳಿಸಬಹುದು. ವೇಗ ಸ್ವಲ್ಪ ತಗ್ಗುತ್ತದೆ. ಆಗ ಕಂಪ್ಯೂಟರ್ ಆರುವುದು ನಿಂತರೆ ಎಸ್‌ಎಂಪಿಎಸ್ ಸಾಲದು ಎಂಬ ಅನುಮಾನ ಬಲವಾಯಿತು. ಹೊಸದನ್ನು ಕೊಳ್ಳುವಾಗ ಅಂಗಡಿಯಲ್ಲೇ ಲೇಬಲ್ ತಿರುಗಿಸಿ ನೋಡಿ: 650 ವ್ಯಾಟ್ ಎಂದರೆ 12 ವೋಲ್ಟ್‌ನಲ್ಲಿ 50 ಆಂಪಿಯರಿಗಿಂತ ಹೆಚ್ಚು ಇರಬೇಕು.