ನಂಬರ್ ಬಂದ್ ಆಯಿತು, ಮೊದಲು ಯಾವ ಬಾಗಿಲು ಭದ್ರ ಮಾಡಬೇಕು?

ಎರಡು ಸಿಮ್ ಹಾಕುವ ಫೋನುಗಳು ಬಂದ ಮೇಲೆ ಎರಡನೇ ಸಿಮ್ಮಿನ ಕಡೆ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ರೀಚಾರ್ಜ್ ದರ ಏರಿದಂತೆಲ್ಲ ಒಂದಕ್ಕೆ ಮಾತ್ರ ದುಡ್ಡು ಹಾಕಿ, ಇನ್ನೊಂದನ್ನು ‘ಇರಲಿ, ಓಟಿಪಿ ಬಂದರೆ ಸಾಕು’ ಎಂದು ಬಿಟ್ಟವರು ಬಹಳ ಜನ. ಹಾಗೆ ಬಿಟ್ಟದ್ದು ಸಾಮಾನ್ಯವಾಗಿ ಹಳೆಯ ನಂಬರೇ ಆಗಿರುತ್ತದೆ. ಬ್ಯಾಂಕಿಗೆ, ಆಧಾರಿಗೆ, ಗ್ಯಾಸ್ ಏಜೆನ್ಸಿಗೆ ಕೊಟ್ಟಿರುವುದೂ ಅದನ್ನೇ.

ಟ್ರಾಯ್ 2013ರಲ್ಲಿ ಮಾಡಿದ ನಿಯಮದಂತೆ ಪ್ರೀಪೇಯ್ಡ್ ನಂಬರನ್ನು ‘ಬಳಕೆ ಇಲ್ಲ’ ಎಂಬ ಕಾರಣಕ್ಕೆ 90 ದಿನಕ್ಕೆ ಮೊದಲು ಬಂದ್ ಮಾಡುವಂತಿಲ್ಲ. ಆದರೆ ಬಳಕೆ ಎಂದರೆ ಏನು ಎನ್ನುವಲ್ಲಿ ಬಹುತೇಕರು ಎಡವುತ್ತಾರೆ. ಹೋಗುವ ಅಥವಾ ಬರುವ ಕರೆ ಬಳಕೆಯೇ. ನಾವು ಕಳಿಸಿದ ಎಸ್ಸೆಮ್ಮೆಸ್ಸೂ ಬಳಸಿದ ಡೇಟಾವೂ ಲೆಕ್ಕಕ್ಕೆ ಬರುತ್ತವೆ. ನಮಗೆ ಬಂದ ಎಸ್ಸೆಮ್ಮೆಸ್ ಮಾತ್ರ ಬರುವುದಿಲ್ಲ. ಬ್ಯಾಂಕಿನಿಂದ ದಿನಕ್ಕೆ ನಾಲ್ಕು ಸಂದೇಶ ಬರುತ್ತಿದ್ದರೂ ಕಂಪನಿಯ ದಾಖಲೆಯಲ್ಲಿ ಅದು ಮಲಗಿರುವ ನಂಬರೇ.

90 ದಿನ ಮುಗಿದಾಗ ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಕಂಪನಿ ಅದನ್ನು ಕಡಿತ ಮಾಡಿಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು. ಪ್ಯಾಕ್ ಹಾಕಿಸಿದಾಗ ಆ ಹಣ ಬ್ಯಾಲೆನ್ಸ್ ಆಗಿ ಕೂರುವುದಿಲ್ಲವಾದ್ದರಿಂದ ಈಗ ಹೆಚ್ಚಿನವರ ಬ್ಯಾಲೆನ್ಸ್ ಸೊನ್ನೆ. ಹೀಗಾಗಿ ಈ ಸವಲತ್ತು ಬಹಳ ಜನಕ್ಕೆ ದಕ್ಕುವುದಿಲ್ಲ.

ಶಿರಸಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಲೆಕ್ಕ ಹಾಕಿ ನೋಡೋಣ. ಹಳೆಯ ನಂಬರಿನ ಪ್ಯಾಕ್ ಮುಗಿದಿದೆ, ಬ್ಯಾಲೆನ್ಸ್ ಇಲ್ಲ, ಕೊನೆಯ ಕರೆ ಮಾರ್ಚ್ 1ರಂದು. 90 ದಿನ ಮುಗಿಯುವುದು ಮೇ 30ಕ್ಕೆ. ಅಂದೇ ಕಂಪನಿ ಬಂದ್ ಮಾಡಿತು ಎಂದುಕೊಳ್ಳಿ. ಅಲ್ಲಿಂದ 15 ದಿನ, ಅಂದರೆ ಜೂನ್ 14ರವರೆಗೆ, ಅದೇ ನಂಬರನ್ನು ಮತ್ತೆ ಚಾಲೂ ಮಾಡಿಸಿಕೊಳ್ಳುವ ಅವಕಾಶ ಅವರಿಗೆ ಇರುತ್ತದೆ. ಹೀಗೆ ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆ ಅವಧಿ ಆಗಸ್ಟ್ 28ಕ್ಕೆ ಮುಗಿಯುತ್ತದೆ. ಅದಾದ ಮೇಲೆ ಅವರ ನಂಬರು ಯಾವುದೋ ಊರಿನ ಯಾರದೋ ಹೊಸ ಸಿಮ್ಮಿನಲ್ಲಿ ಮೊಳಗಬಹುದು.

ಬಂದ್ ಆಗಿದೆಯೇ, ಬರೀ ಪ್ಯಾಕ್ ಮುಗಿದಿದೆಯೇ ಎಂದು ತಿಳಿಯುವುದು ಸುಲಭ. ಸಿಗ್ನಲ್ ಕಡ್ಡಿಗಳು ಕಾಣುತ್ತಿದ್ದು ಕರೆ ಮಾತ್ರ ಹೋಗುತ್ತಿಲ್ಲವಾದರೆ ಪ್ಯಾಕ್ ಮುಗಿದಿದೆ ಅಷ್ಟೆ, ಒಂದು ರೀಚಾರ್ಜಿನಲ್ಲಿ ಸರಿಹೋಗುತ್ತದೆ. ಬೇರೆಲ್ಲರಿಗೂ ನೆಟ್‌ವರ್ಕ್ ಇರುವ ಜಾಗದಲ್ಲೇ ಆ ಸಿಮ್ಮಿಗೆ ಮಾತ್ರ ಇಲ್ಲ, ಇನ್ನೊಂದು ಫೋನಿನಿಂದ ಮಾಡಿದರೆ ‘ಸ್ವಿಚ್ ಆಫ್’ ಎನ್ನದೆ ಈ ಸಂಖ್ಯೆಯೇ ಇಲ್ಲ ಎಂಬರ್ಥದ ಮಾತು ಕೇಳಿಸುತ್ತದೆ ಎಂದಾದರೆ ನಂಬರ್ ಹೋಗಿದೆ. ಆಗ ಆನ್‌ಲೈನ್ ರೀಚಾರ್ಜ್ ಪ್ರಯತ್ನದಲ್ಲಿ ಕಾಲ ಕಳೆಯದೆ ಆಧಾರ್ ಕಾರ್ಡ್ ಹಿಡಿದು ಕಂಪನಿಯ ಸ್ವಂತ ಮಳಿಗೆಗೆ ಹೋಗಬೇಕು. 15 ದಿನ ದಾಟಿದ್ದರೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ, ಆದರೆ ಆಗ ಅದನ್ನು ಹಕ್ಕೆಂದು ಕೇಳಲಾಗದು.

ಫೋನಿನಲ್ಲಿ ಎಲ್ಲವೂ ಮೊದಲಿನಂತೆಯೇ ನಡೆಯುತ್ತಿರುವುದು ಇಲ್ಲಿ ದಾರಿ ತಪ್ಪಿಸುತ್ತದೆ. ಮೇಷ್ಟ್ರ ವಾಟ್ಸ್ಆ್ಯಪ್ ಇರುವುದು ಸತ್ತ ನಂಬರಿನ ಮೇಲೆ. ಡೇಟಾ ಮಾತ್ರ ಎರಡನೇ ಸಿಮ್ಮಿನದು, ಆದ್ದರಿಂದ ಸಂದೇಶಗಳು ಬರುತ್ತಲೇ ಇರುತ್ತವೆ. ಇ-ಮೇಲ್ ತೆರೆಯುತ್ತದೆ. ಹಣ ಕಳಿಸುವ ಆ್ಯಪ್ ಕೂಡ ಕೆಲವೊಮ್ಮೆ ಒಂದಷ್ಟು ದಿನ ನಡೆಯುತ್ತದೆ. ಈ ಸ್ಥಿತಿಯಲ್ಲಿ ಮಾಡಬಾರದ ಕೆಲಸಗಳು ಎರಡು: ಯಾವ ಆ್ಯಪಿನಿಂದಲೂ ಲಾಗ್ ಔಟ್ ಆಗಬಾರದು, ಫೋನ್ ಬದಲಿಸಬಾರದು. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಹೋಗಲು ಬೇಕಾದ ಓಟಿಪಿ ಹಳೆಯ ನಂಬರಿಗೇ ಹೋಗುತ್ತದೆ.

ನಂಬರ್ ಹೋಯಿತು ಎಂದಾಕ್ಷಣ ಎಲ್ಲರೂ ಓಡುವುದು ಬ್ಯಾಂಕಿಗೆ. ಓಡಬೇಕಾದದ್ದೇ, ಆದರೆ ಮೊದಲಿಗಲ್ಲ. ನಾಳೆ ಆ ನಂಬರ್ ಪಡೆದವನ ಕೈಗೆ ಓಟಿಪಿ ಒಂದೇ ಸಿಕ್ಕರೆ ಏನೇನು ತೆರೆದುಕೊಳ್ಳುತ್ತದೆ ಎಂದು ಕೇಳಿಕೊಂಡರೆ ಸರದಿ ಬೇರೆಯೇ ಆಗುತ್ತದೆ. ಬ್ಯಾಂಕ್ ಖಾತೆಗೆ ಒಂದಕ್ಕಿಂತ ಹೆಚ್ಚು ಬೀಗಗಳಿವೆ. ಹೊಸಬ ತನ್ನ ಸಿಮ್ಮಿನಿಂದ ಯುಪಿಐ ಆ್ಯಪ್ ಶುರು ಮಾಡಿದರೆ ಆ ನಂಬರಿಗೆ ಜೋಡಿಸಿದ ಖಾತೆಯ ಬ್ಯಾಂಕಿನ ಹೆಸರು, ಕೊನೆಯ ಅಂಕಿಗಳು ಕಾಣಿಸಬಹುದು. ಪಿನ್ ಹೊಸದಾಗಿ ಇಡಬೇಕಾದರೆ ಮಾತ್ರ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಬೇಕು, ಇಲ್ಲವೇ ಆಧಾರ್ ಸಂಖ್ಯೆಯ ಆಸರೆ ಬೇಕು. ವಾಟ್ಸ್ಆ್ಯಪಿಗಾದರೋ ಓಟಿಪಿಯೊಂದೇ ಸಾಕು. ತಿಂಡಿ ತರಿಸುವ, ಕ್ಯಾಬ್ ಕರೆಯುವ, ಸಾಮಾನು ಕೊಳ್ಳುವ ಆ್ಯಪುಗಳೂ ಹಾಗೆಯೇ. ಒಳಗೆ ನಮ್ಮ ಮನೆ ವಿಳಾಸ, ಹಳೆಯ ಆರ್ಡರುಗಳು, ಕೆಲವು ಕಡೆ ವ್ಯಾಲೆಟ್ಟಿನಲ್ಲಿ ಉಳಿದ ಚಿಲ್ಲರೆ ಹಣ.

ಹಾಗಾಗಿ ಹೊಸ ನಂಬರ್ ಕೈಗೆ ಬಂದ ದಿನವೇ, ಮನೆಯಲ್ಲಿ ಕೂತು, ವಾಟ್ಸ್ಆ್ಯಪಿನಿಂದ ಶುರು ಮಾಡುವುದು ಒಳ್ಳೆಯದು. Settings ಒಳಗಿನ Account ತೆರೆದರೆ Change number ಎಂದಿರುತ್ತದೆ. ಹಳೆಯ ನಂಬರ್, ಹೊಸ ನಂಬರ್ ಎರಡನ್ನೂ ಬರೆಯಬೇಕು. ಪರಿಶೀಲನೆಯ ಕೋಡ್ ಬರುವುದು ಹೊಸ ನಂಬರಿಗೆ, ಆದ್ದರಿಂದ ಹಳೆಯ ಸಿಮ್ ಸತ್ತಿದ್ದರೂ ಕೆಲಸ ಆಗುತ್ತದೆ. ಗುಂಪುಗಳೂ ಹಳೆಯ ಮಾತುಕತೆಯೂ ಹಾಗೇ ಉಳಿಯುತ್ತವೆ. ಇದನ್ನು ಮಾಡದೆ ಬಿಟ್ಟರೆ, ನಂಬರ್ ಪಡೆದ ಹೊಸಬ ವಾಟ್ಸ್ಆ್ಯಪ್ ಹಾಕಿಕೊಂಡಾಗ ಮೇಷ್ಟ್ರು ತಮ್ಮ ಖಾತೆಯಿಂದ ಆಚೆ ಬೀಳುತ್ತಾರೆ. 45 ದಿನ ಬಳಕೆಯಾಗದ ಖಾತೆಯ ನಂಬರು ಬೇರೆ ಫೋನಿನಲ್ಲಿ ಚಾಲೂ ಆದರೆ ಹಳೆಯ ಖಾತೆಯ ವಿವರಗಳನ್ನು ವಾಟ್ಸ್ಆ್ಯಪ್ ತಾನೇ ಅಳಿಸುತ್ತದೆ. ಆದರೆ ಮೇಷ್ಟ್ರು ದಿನಾ ಬಳಸುತ್ತಿದ್ದಾರಲ್ಲ, ಆ ರಕ್ಷಣೆ ಅವರಿಗಿಲ್ಲ. ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬಂದ್ ಆದ ನಂಬರುಗಳನ್ನು ಬೇರೆಯವರಿಗೆ ಕೊಡುವುದನ್ನೇ ತಡೆಯಬೇಕೆಂಬ ಅರ್ಜಿಯನ್ನು 2023ರ ನವೆಂಬರಿನಲ್ಲಿ ಕೋರ್ಟ್ ಒಪ್ಪಲಿಲ್ಲ. ಹಳೆಯ ನಂಬರಿನ ವಾಟ್ಸ್ಆ್ಯಪ್ ಖಾತೆಯನ್ನು ಅಳಿಸಿ ತಮ್ಮ ಗುಟ್ಟು ಕಾಯ್ದುಕೊಳ್ಳುವುದು ಗ್ರಾಹಕರ ಕೆಲಸ ಎಂದಿತು.

ಅದೇ ಕೂಟಿನಲ್ಲಿ ಇ-ಮೇಲ್ ಕೂಡ ಮುಗಿಸಿಕೊಳ್ಳಬೇಕು. ಪಾಸ್‌ವರ್ಡ್ ಮರೆತರೆ ಸಂದೇಶ ಕಳಿಸಲೆಂದು ಕೊಟ್ಟ ನಂಬರನ್ನು ಬದಲಿಸಿ, ಎರಡು ಹಂತದ ಲಾಗಿನ್‌ಗೂ ಅದೇ ನಂಬರ್ ಇದ್ದರೆ ಅಲ್ಲಿಂದಲೂ ತೆಗೆಯಿರಿ. ಬೇರೆ ಹತ್ತಾರು ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳು ಬಂದು ಬೀಳುವುದು ಇ-ಮೇಲಿಗೇ. ತಿಂಡಿ, ಕ್ಯಾಬ್, ಅಂಗಡಿ ಆ್ಯಪುಗಳಿಗೆ ಅರ್ಧ ಗಂಟೆ ಸಾಕು. ನಂಬರ್ ಬದಲಿಸಲು ಬಿಡದ ಆ್ಯಪಿನಲ್ಲಿ ವಿಳಾಸ, ಕಾರ್ಡ್ ವಿವರ ಅಳಿಸಿ ಖಾತೆಯನ್ನೇ ಮುಚ್ಚಿಬಿಡಬಹುದು.

ಮರುದಿನ ಬೆಳಿಗ್ಗೆ ಆಧಾರ್. ಬ್ಯಾಂಕಿಗಿಂತ ಇದಕ್ಕೆ ಮೊದಲು ಹೋಗಿ ಎನ್ನಲು ಕಾರಣವಿದೆ. ಡಿಜಿಲಾಕರ್, ಆದಾಯ ತೆರಿಗೆ ಪೋರ್ಟಲ್, ಭವಿಷ್ಯನಿಧಿ, ಸೇವಾಸಿಂಧುವಿನ ಹಲವು ಅರ್ಜಿಗಳು, ಎಲ್ಲ ಕಡೆಯೂ ‘ಆಧಾರ್ ಓಟಿಪಿ’ ಎಂದಾಗ ಸಂದೇಶ ಹೋಗುವುದು ಆಧಾರಿನಲ್ಲಿ ದಾಖಲಾದ ನಂಬರಿಗೆ. ಅಲ್ಲಿ ಸರಿಪಡಿಸಿದರೆ ಉಳಿದ ಕಡೆ ದಾರಿ ತೆರೆಯುತ್ತದೆ. ಬದಲಾವಣೆ ದಾಖಲಾಗಲು ಕೆಲವು ದಿನ ಹಿಡಿಯುವುದರಿಂದಲೂ ಬೇಗ ಹಚ್ಚುವುದು ಮೇಲು. ಆಧಾರ್ ಸೇವಾ ಕೇಂದ್ರ ಅಥವಾ ಆಧಾರ್ ಕೆಲಸ ಮಾಡುವ ಬ್ಯಾಂಕ್, ಅಂಚೆ ಕಚೇರಿಗೆ ಖುದ್ದಾಗಿ ಹೋದರೆ ಬೆರಳಚ್ಚೇ ಸಾಕು. ಹಳೆಯ ನಂಬರಿನ ಓಟಿಪಿ ಬೇಡ, ಬೇರೆ ದಾಖಲೆಯೂ ಬೇಡ. 2025ರ ಅಕ್ಟೋಬರಿನಿಂದ ಶುಲ್ಕ 75 ರೂಪಾಯಿ. ಕೊಡುವ ರಸೀದಿಯಲ್ಲಿ ಹೊಸ ನಂಬರಿನ ಹತ್ತೂ ಅಂಕಿ ಸರಿಯಾಗಿವೆಯೇ ಎಂದು ಕೌಂಟರಿನ ಮುಂದೆಯೇ ನೋಡಿಕೊಳ್ಳಿ. ಒಂದಂಕಿ ತಪ್ಪಿದರೆ ಮತ್ತೆ ಸರದಿ, ಮತ್ತೆ ಶುಲ್ಕ.

ಆಧಾರಿಗೆ ಯಾವ ನಂಬರ್ ಕೊಟ್ಟಿದ್ದೆವೆಂದೇ ನೆನಪಿಲ್ಲದವರೂ ಇದ್ದಾರೆ. myaadhaar.uidai.gov.in ತಾಣದಲ್ಲಿ Check Aadhaar Validity ಎಂಬಲ್ಲಿ ಆಧಾರ್ ಸಂಖ್ಯೆ ಹಾಕಿದರೆ ದಾಖಲಾದ ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಲಾಗಿನ್ ಬೇಕಿಲ್ಲ. ಹೊಸ ನಂಬರ್ ದಾಖಲಾಯಿತೇ ಎಂದು ಆಮೇಲೆ ನೋಡಲೂ ಇದೇ ಸಾಕು.

ಆಧಾರಿನಿಂದ ಹಾಗೇ ಬ್ಯಾಂಕಿಗೆ. ನೆಟ್ ಬ್ಯಾಂಕಿಂಗಿನಲ್ಲಿ ಬದಲಿಸಲು ಹೋದರೆ ಅದು ಹಳೆಯ ನಂಬರಿನ ಓಟಿಪಿಯನ್ನೇ ಕೇಳುವುದುಂಟು, ಆದ್ದರಿಂದ ಪಾಸ್‌ಬುಕ್ಕು, ಆಧಾರ್ ಹಿಡಿದು ಶಾಖೆಗೇ ಹೋಗಿ ಅರ್ಜಿ ಕೊಡಬೇಕು. ಮೇಷ್ಟ್ರ ಪಿಂಚಣಿ ಖಾತೆ ಒಂದು ಬ್ಯಾಂಕಿನಲ್ಲಿ, ಉಳಿತಾಯ ಇನ್ನೊಂದರಲ್ಲಿ ಇದ್ದರೆ ಎರಡೂ ಕಡೆ. ನಾವು ಸುಮ್ಮನಿದ್ದರೂ ಬ್ಯಾಂಕು ಈಗ ಸುಮ್ಮನಿರುವುದಿಲ್ಲ. ಬಂದ್ ಆದ ನಂಬರುಗಳ ಪಟ್ಟಿ ನೋಡಿ ದಾಖಲೆ ಶುದ್ಧ ಮಾಡಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚಿಸಿದೆ. ಯುಪಿಐ ನಡೆಸುವ ಎನ್‌ಪಿಸಿಐ ಕೂಡ ವಾರಕ್ಕೊಮ್ಮೆಯಾದರೂ ಆ ಪಟ್ಟಿಯಂತೆ ನಂಬರುಗಳನ್ನು ಸರಿಪಡಿಸಲು ಬ್ಯಾಂಕುಗಳಿಗೆ ಹೇಳಿದೆ. ಒಂದು ದಿನ ಯುಪಿಐ ದಿಢೀರನೆ ನಿಂತರೆ ಕಾರಣ ಇದೂ ಇರಬಹುದು. ಬ್ಯಾಂಕಿನಲ್ಲಿ ನಂಬರ್ ಬದಲಾದ ಮೇಲೆ ಹೊಸ ಸಿಮ್ಮಿನಿಂದ ಯುಪಿಐಯನ್ನು ಮೊದಲಿಂದ ನೋಂದಾಯಿಸಬೇಕು. ಹಳೆಯ ನಂಬರಿಗೇ ಹಣ ಹಾಕುವ ಅಭ್ಯಾಸವಿರುವ ನೆಂಟರಿಗೆ ತಪ್ಪದೆ ತಿಳಿಸಬೇಕು.

ಗೃಹಲಕ್ಷ್ಮಿ ಹಣ, ಪಿಂಚಣಿ ನಿಂತುಹೋಗುತ್ತದೆಂದು ಗಾಬರಿ ಬೀಳುವ ಅಗತ್ಯವಿಲ್ಲ. ಗೃಹಲಕ್ಷ್ಮಿಯಂಥ ನೇರ ವರ್ಗಾವಣೆಯ ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ, ಪಿಂಚಣಿ ಬರುವುದು ಪಿಂಚಣಿ ಖಾತೆಗೆ. ಎರಡಕ್ಕೂ ಮೊಬೈಲ್ ನಂಬರು ಕಾರಣವಲ್ಲ. ಹಣ ಬಂತೆಂಬ ಸಂದೇಶ ಮಾತ್ರ ಬರುವುದಿಲ್ಲ. ಗ್ಯಾಸ್ ವಿಷಯ ಹಾಗಲ್ಲ. ನೋಂದಾಯಿತ ನಂಬರಿಗೆ ಬರುವ ನಾಲ್ಕಂಕಿಯ ಕೋಡನ್ನು ಸಿಲಿಂಡರ್ ತಂದವರು ಬಾಗಿಲಲ್ಲೇ ಕೇಳುತ್ತಾರೆ, ಹಾಗಾಗಿ ಮುಂದಿನ ಬುಕಿಂಗಿಗೆ ಮೊದಲು ಏಜೆನ್ಸಿಗೆ ಹೋಗಿ ನಂಬರ್ ಬದಲಿಸಿ ಬರಬೇಕು. ವಿಮೆ, ಮ್ಯೂಚುವಲ್ ಫಂಡ್, ವಾಹನದ ಆರ್‌ಸಿ ಇವೆಲ್ಲ ಆ ವಾರದೊಳಗೆ ಒಂದೊಂದಾಗಿ ಆದರೆ ಸಾಕು.