ಮೈಸೂರಿನಿಂದ ಮಡಿಕೇರಿಗೆ: ದಿನಕ್ಕೆಷ್ಟು ಪೆಡಲ್?

ಸೈಕಲ್ ಪ್ರವಾಸದ ದಿನದ ದೂರವನ್ನು ಬರೀ ನಕ್ಷೆ ನೋಡಿ ನಿರ್ಧರಿಸಬಾರದು. ಭಾನುವಾರ ನೂರು ಕಿ.ಮೀ. ತುಳಿದು ಸೋಮವಾರ ಮತ್ತೆ ಹೊರಡುವಷ್ಟು ಕಸುವಿದ್ದರೆ, ಸಾಮಾನು ಹೊತ್ತ ಸೈಕಲ್‌ಗೆ ದಿನಕ್ಕೆ ಸುಮಾರು 70 ಕಿ.ಮೀ. ಸಾಕು. ಏರು ದಾರಿಯಲ್ಲಿ ಪ್ರತಿ 100 ಮೀಟರ್ ಎತ್ತರಕ್ಕೆ ಇನ್ನೆರಡು ಕಿ.ಮೀ. ಸೇರಿಸಿ ಲೆಕ್ಕ ಹಾಕಿ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಮೊದಲ ದಿನ ಹುಣಸೂರು ದಾಟಿ ಪಿರಿಯಾಪಟ್ಟಣದಲ್ಲಿ ತಂಗಿ. ಎರಡನೇ ದಿನ ಉಳಿಯುವುದು ಐವತ್ತು ಚಿಲ್ಲರೆ ಕಿ.ಮೀ. ಮಾತ್ರ. ಆದರೆ ಕುಶಾಲನಗರದ ನಂತರ ಏರು ಶುರುವಾಗುವುದರಿಂದ, ಶ್ರಮದಲ್ಲಿ ಅದು ಮೊದಲ ದಿನಕ್ಕೆ ಸಮ. ಮೂರನೇ ದಿನ ಮಡಿಕೇರಿಯಲ್ಲೇ ವಿಶ್ರಾಂತಿ. ನಾಲ್ಕನೇ ಬೆಳಗ್ಗೆಯೂ ಮೆಟ್ಟಿಲು ಹತ್ತುವಾಗ ತೊಡೆ ಭಾರವೆನಿಸಿದರೆ, ನಾಡಿ ಎಂದಿಗಿಂತ ವೇಗವಾಗಿದ್ದರೆ, ಸಂಪಾಜೆ ಘಾಟಿ ಇಳಿಯುವುದನ್ನು ಒಂದು ದಿನ ಮುಂದೂಡಿ.