ಹಸಿರು ಮುಳ್ಳು ಹೇಳದ ಸಂಗತಿ

ಬೆಂಗಳೂರಿನ ಯಾವುದಾದರೂ ಕಚೇರಿಯ ಲಿಫ್ಟ್ ಪಕ್ಕ ನೋಡಿ, ಗೋಡೆಯಲ್ಲಿ ಎರಡು ಕೆಂಪು ಸಿಲಿಂಡರುಗಳು ತೂಗುತ್ತಿರುತ್ತವೆ. ಒಂದರಲ್ಲಿ ಪುಡಿ, ಅದರ ತಲೆಯ ಮೇಲೆ ಪುಟ್ಟ ಗೇಜ್. ಕಪ್ಪು ಕೊಂಬಿನಂಥ ಮೂತಿಯ ಇನ್ನೊಂದರಲ್ಲಿ ಕಾರ್ಬನ್ ಡೈಆಕ್ಸೈಡ್. ಅದಕ್ಕೆ ಗೇಜೇ ಇಲ್ಲ. ತಿಂಗಳ ತಪಾಸಣೆ ಎಡವುವುದು ಸಾಮಾನ್ಯವಾಗಿ ಈ ಎರಡನೆಯದರಲ್ಲೇ.

ಪುಡಿಯ ಸಿಲಿಂಡರಿನಲ್ಲಿ ಪುಡಿಯನ್ನು ಹೊರದಬ್ಬುವುದು ಒತ್ತಿ ತುಂಬಿದ ನೈಟ್ರೋಜನ್. ಅದು ಸೋರಿದರೆ ಮುಳ್ಳು ಹಸಿರು ಪಟ್ಟಿ ಬಿಟ್ಟು ಕೆಂಪಿಗೆ ಇಳಿಯುತ್ತದೆ. ಆದರೆ ಮುಳ್ಳು ಹೇಳುವುದು ಒತ್ತಡವನ್ನಷ್ಟೇ. ಒಳಗಿನ ಪುಡಿ ತೇವ ಹೀರಿ ಗಟ್ಟಿಯಾಗಿದ್ದರೂ ಅದು ಹಸಿರಿನಲ್ಲೇ ನಿಂತಿರುತ್ತದೆ.

ಸೀಲ್ ಬಗ್ಗೆಯೂ ಒಂದು ಮಾತು. ಹಿಡಿಕೆಯ ಪಿನ್ನಿಗೆ ಕಟ್ಟಿದ ತೆಳು ಪ್ಲಾಸ್ಟಿಕ್ ಪಟ್ಟಿ ಹರಿದಿದ್ದರೆ ಯಾರೋ ಪಿನ್ ಎಳೆದಿರಬಹುದು ಎಂದೇ ಅರ್ಥ. ಕ್ಷಣಮಾತ್ರ ಒತ್ತಿ ಬಿಟ್ಟರೂ ಪುಡಿಯ ಕಣಗಳು ವಾಲ್ವಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒತ್ತಡ ನಿಧಾನವಾಗಿ ಇಳಿಯುತ್ತದೆ. ಆ ದಿನ ಹಸಿರಿನಲ್ಲಿದ್ದ ಮುಳ್ಳು ಕೆಲವೇ ದಿನಗಳಲ್ಲಿ ಕೆಳಗಿರಬಹುದು. ಹಾಗಾಗಿ ಹೊಸ ಸೀಲ್ ಹಾಕಿ ಸುಮ್ಮನಾಗುವಂತಿಲ್ಲ, ರೀಫಿಲ್‌ಗೇ ಕಳಿಸಬೇಕು. ಹಳೆಯ ಪುಡಿಯ ಮೇಲೆ ಬೇರೆ ಬಗೆಯ ಪುಡಿ ತುಂಬುವುದೂ ಕೂಡದು: ಎಬಿಸಿ ಪುಡಿಯೊಳಗಿನ ಫಾಸ್ಫೇಟ್‌ಗೆ ಸೋಡಾ ಬೈಕಾರ್ಬನೇಟ್ ಬೆರೆತು ತೇವವೂ ತಾಗಿದರೆ ಅನಿಲ ಹುಟ್ಟಿ ಪುಡಿ ಹೆಪ್ಪುಗಟ್ಟುತ್ತದೆ.

ಇನ್ನು ಗೇಜಿಲ್ಲದ ಸಿಲಿಂಡರ್. ಅದರೊಳಗಿನ ಅನಿಲದ ಬಹುಪಾಲು ದ್ರವವಾಗಿರುತ್ತದೆ. ಅಡುಗೆ ಗ್ಯಾಸಿನ ಸಿಲಿಂಡರಿನಂತೆ, ಒಂದಿಷ್ಟು ದ್ರವ ಉಳಿದಿರುವವರೆಗೆ ಒತ್ತಡ ಕುಗ್ಗುವುದೇ ಇಲ್ಲ. ಆದ್ದರಿಂದ ಗೇಜ್ ಇಟ್ಟರೂ ಪ್ರಯೋಜನವಿಲ್ಲ, ತೂಕವೇ ಗತಿ. ಖಾಲಿ ತೂಕವನ್ನು ಸಿಲಿಂಡರ್ ಅಥವಾ ವಾಲ್ವಿನ ಮೇಲೆ ಅಚ್ಚೊತ್ತಿರುತ್ತಾರೆ. ಅದು 10.8 ಕೆ.ಜಿ., ಒಳಗಿನ ಅನಿಲ 4.5 ಕೆ.ಜಿ. ಎಂದಿಟ್ಟುಕೊಳ್ಳಿ, ತುಂಬಿದಾಗ 15.3 ಬರಬೇಕು. ತಕ್ಕಡಿ 14.7 ತೋರಿಸಿದರೆ 600 ಗ್ರಾಂ ಮಾಯ. ಶೇ 10ರ ಮಿತಿ 450 ಗ್ರಾಂ. ಮೀರಿದ್ದರಿಂದ ರೀಫಿಲ್ ಮಾಡಿಸಲೇಬೇಕು. ಅಚ್ಚಿನ ತೂಕದಲ್ಲಿ ಹೋಸ್ ಮತ್ತು ಮೂತಿ ಸೇರಿದೆಯೋ ಇಲ್ಲವೋ ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಅವುಗಳ ಭಾರ ಸೋರಿದ ಅನಿಲವನ್ನು ಮುಚ್ಚಿಹಾಕುತ್ತದೆ.

ಟ್ಯಾಗ್ ಓದುವುದೂ ಒಂದು ಕಲೆ. ಹನ್ನೆರಡು ತಿಂಗಳ ಸಹಿಗಳೂ ಒಂದೇ ಪೆನ್ನು, ಒಂದೇ ಓರೆಯಲ್ಲಿದ್ದರೆ ಆ ಕಾರ್ಡು ಒಂದೇ ಕೂತಿನಲ್ಲಿ ತುಂಬಿದ್ದು ಅನ್ನಿಸದೆ ಇರದು! ತಪಾಸಣೆಯ ದಿನ, ತೂಕ, ಕೊನೆಯ ರೀಫಿಲ್, ಮುಂದಿನ ರೀಫಿಲ್ ಮತ್ತು ಒತ್ತಡ ಪರೀಕ್ಷೆಯ ದಿನಾಂಕ, ಇಷ್ಟಿದ್ದರೆ ಟ್ಯಾಗ್ ಕೆಲಸಕ್ಕೆ ಬರುತ್ತದೆ. ಒತ್ತಡ ಪರೀಕ್ಷೆಯೆಂದರೆ ಸಿಲಿಂಡರಿನ ಲೋಹಕ್ಕೆ ನೀರು ತುಂಬಿ ಮಾಡುವ ಪರೀಕ್ಷೆ. ಎಷ್ಟು ವರ್ಷಕ್ಕೊಮ್ಮೆ ಎಂಬುದು ಸಿಲಿಂಡರಿನ ಬಗೆಯನ್ನು ಅವಲಂಬಿಸುತ್ತದೆ. ಇದರ ವಿವರ ಭಾರತೀಯ ಮಾನಕ ಐಎಸ್ 2190ರಲ್ಲಿದೆ. ರೀಫಿಲ್‌ಗೆ ಹೋದ ಸಿಲಿಂಡರ್ ವಾಪಸ್ ಬರುವವರೆಗೆ ಆ ಕೊಕ್ಕೆಯಲ್ಲಿ ಬದಲಿಯೊಂದು ತೂಗುತ್ತಿರಬೇಕು. ಸರ್ವೀಸ್ ಏಜೆನ್ಸಿಯವರನ್ನು ಮೊದಲೇ ಕೇಳಿಟ್ಟರೆ ಅವರೇ ತಂದುಕೊಡುತ್ತಾರೆ.